ನೊಂದು ಬರೆದವರಿಗೆ ಏನು ಬರೆಯಬೇಕು? ಮೊದಲು ಕೇಳಿ, ಆಮೇಲೆ ಹೇಳಿ

(ಆರೋಗ್ಯ ಶಿಬಿರದ ಉಪನ್ಯಾಸದ ಬರಹರೂಪ)



ಪಕ್ಕದ ಮೇಜುಗಳಲ್ಲಿ ಬಿ.ಪಿ., ಸಕ್ಕರೆ, ಕಣ್ಣಿನ ತಪಾಸಣೆ ನಡೆಯುತ್ತಿದೆ. ನಿಮ್ಮ ಸರದಿ ಬರುವವರೆಗೆ ಒಂದು ಸಣ್ಣ ವಿಷಯ ಮಾತಾಡೋಣ. ನಿಮ್ಮ ಸ್ನೇಹಿತರೊಬ್ಬರು ರಾತ್ರಿ ವಾಟ್ಸಾಪಿನಲ್ಲಿ "ಇವತ್ತು ಸಾಕಾಗಿಹೋಯ್ತು" ಎಂದು ನಾಲ್ಕು ಸಾಲು ಬರೆಯುತ್ತಾರೆ. ಅದಕ್ಕೆ ನೀವು ಏನೆಂದು ಉತ್ತರ ಬರೆಯುತ್ತೀರಿ? ಇಷ್ಟೇ ಇವತ್ತಿನ ವಿಷಯ.

ಇದನ್ನು ಐರ್ಲೆಂಡಿನಲ್ಲಿರುವ ನಮಗೇ ಹೇಳಬೇಕಾದ ಕಾರಣ ಒಂದಿದೆ. ಇಲ್ಲಿ ರಾತ್ರಿ 9 ಗಂಟೆಯಾದಾಗ ಊರಿನಲ್ಲಿ ಬೇಸಿಗೆಯಾದರೆ 1.30, ಚಳಿಗಾಲವಾದರೆ 2.30. ಕೆಲಸ ಮುಗಿಸಿ ಮನೆಗೆ ಬಂದು ಮನಸ್ಸಿನಲ್ಲಿದ್ದುದನ್ನು ಹೇಳಿಕೊಳ್ಳಬೇಕು ಅನ್ನಿಸುವ ಹೊತ್ತಿಗೆ ಅಮ್ಮ, ಅಕ್ಕ, ಹಳೆಯ ಗೆಳತಿಯರು ಎಲ್ಲರೂ ನಿದ್ದೆಯಲ್ಲಿರುತ್ತಾರೆ. ಆ ಹೊತ್ತಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಲು ಎಚ್ಚರವಾಗಿರುವವರು ಇಲ್ಲಿನ ಇಬ್ಬರೋ ಮೂವರೋ ಸ್ನೇಹಿತರು ಮಾತ್ರ. ಹಾಗಾಗಿ ನಿಮ್ಮ ಉತ್ತರ ಆ ರಾತ್ರಿ ಅವರಿಗೆ ಸಿಗುವ ಒಂದೇ ಉತ್ತರ ಆಗಿರಬಹುದು.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಡಬ್ಲಿನ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಗೆಳತಿ. ಹನ್ನೆರಡು ಗಂಟೆಗೂ ಮೀರಿದ ಡ್ಯೂಟಿ ಮುಗಿಸಿ ಬಂದು ಹೀಗೆ ಬರೆಯುತ್ತಾಳೆ:

"ಸಾಕಾಯ್ತು ಕಣೇ ಇವತ್ತು. ಬೆಳಗ್ಗೆಯಿಂದ ಕೂರೋಕೂ ಆಗ್ಲಿಲ್ಲ. ಹ್ಯಾಂಡೋವರ್ ಟೈಮಲ್ಲಿ ಚಾರ್ಟ್ ಬರೆದಿಲ್ಲ ಅಂತ ಮ್ಯಾನೇಜರ್ ಎಲ್ಲರ ಮುಂದೆ ಅಂದ್ರು. ಅದು ನನ್ನ ಪೇಷೆಂಟೇ ಅಲ್ಲ. ಹೊರಗೆ ಬಂದ್ರೆ ಮಳೆ, ಬಸ್ಸೂ ಹೋಗಿತ್ತು. ಮನೆಗೆ ಬಂದ್ರೆ ಮಗು ಆಗ್ಲೇ ಮಲಗಿಬಿಟ್ಟಿತ್ತು."

ಇದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಉತ್ತರಗಳು ಹೋಗುತ್ತವೆ.

ಮೊದಲನೆಯದು ದಾರಿ ತೋರಿಸುವ ಉತ್ತರ. "ನಾಳೆ ಬೆಳಗ್ಗೆನೇ ಮ್ಯಾನೇಜರಿಗೆ ಈಮೇಲ್ ಹಾಕು. ಯೂನಿಯನ್ನಿಗೂ ಹೇಳು."

ಎರಡನೆಯದು ಹಗುರ ಮಾಡುವ ಉತ್ತರ. "ಬಿಡೇ, ಎಲ್ಲ ಕಡೆ ಇದೇ ಕಥೆ. ತಲೆ ಕೆಡಿಸ್ಕೋಬೇಡ."

ಮೂರನೆಯದು ತನ್ನ ಕಡೆಗೆ ತಿರುಗಿಸಿಕೊಳ್ಳುವ ಉತ್ತರ. "ನಂದೂ ಅದೇ ಗೋಳು ಕಣೇ. ಇವತ್ತು ನಮ್ಮ ಆಫೀಸಲ್ಲಿ ಏನಾಯ್ತು ಗೊತ್ತಾ?"

ನಾಲ್ಕನೆಯದು ಉಪದೇಶ. "ಕೆಲಸ ಇದೆ, ಮನೆ ಇದೆ, ದೇವರು ಚೆನ್ನಾಗೇ ಇಟ್ಟಿದ್ದಾನೆ. ಪಾಸಿಟಿವ್ ಆಗಿರು." ಜೊತೆಗೆ ಕೈಮುಗಿದ ಚಿತ್ರ ಒಂದು, ಸುಭಾಷಿತದ ಫಾರ್ವರ್ಡ್ ಒಂದು.

ಈ ನಾಲ್ಕನ್ನೂ ಕೆಟ್ಟ ಮನಸ್ಸಿನಿಂದ ಯಾರೂ ಬರೆಯುವುದಿಲ್ಲ. ಬೇಗ ಅವಳ ನೋವು ಕಡಿಮೆಯಾಗಲಿ ಎಂಬ ಆತುರವೇ ಇವುಗಳ ಹಿಂದಿರುವುದು. ಆದರೆ ಓದುವವಳ ಕಡೆಯಿಂದ ನೋಡಿ. ನಾಲ್ಕರಲ್ಲಿ ಯಾವುದರಲ್ಲೂ ಅವಳು ಬರೆದದ್ದು ಇಲ್ಲ. ಚಾರ್ಟು, ಮಳೆ, ಬಸ್ಸು, ಮಲಗಿದ ಮಗು ಯಾವುದೂ ಕಾಣುವುದಿಲ್ಲ. ಆ ಉತ್ತರಗಳನ್ನು ಯಾರ ಯಾವ ಕಷ್ಟಕ್ಕೆ ಬೇಕಾದರೂ ಕಳಿಸಬಹುದು. ಅದಕ್ಕೇ ಅವಳು "ಹೂಂ, ಸರಿ ಕಣೇ, ಗುಡ್ ನೈಟ್" ಎಂದು ಬರೆದು ಫೋನ್ ಕೆಳಗಿಡುತ್ತಾಳೆ. ಮಾತು ಹೀಗೆ ತಟ್ಟನೆ ನಿಂತರೆ, ನಮ್ಮ ಉತ್ತರ ತಲುಪಲಿಲ್ಲ ಎಂಬುದಕ್ಕೆ ಅದೇ ಗುರುತು.

ನಾವು ದೇವಸ್ಥಾನದಲ್ಲಿ ಸೇರಿರುವುದರಿಂದ ನಮಗೆಲ್ಲ ಗೊತ್ತಿರುವ ಗ್ರಂಥದ ಕಡೆಗೇ ಒಮ್ಮೆ ನೋಡೋಣ. ಭಗವದ್ಗೀತೆಯ ಮೊದಲ ಅಧ್ಯಾಯ ಅರ್ಜುನ ವಿಷಾದ ಯೋಗ. ಆ ಅಧ್ಯಾಯದಲ್ಲಿ ಕೃಷ್ಣ ಆಡುವುದು ಒಂದೇ ಮಾತು: ಸೇರಿರುವ ಕುರುಗಳನ್ನು ನೋಡು ಎನ್ನುತ್ತಾನೆ. ಉಳಿದಂತೆ ಅರ್ಜುನ ಮೈ ನಡುಗುವುದನ್ನು, ಬಾಯಿ ಒಣಗುವುದನ್ನು, ಕೈಯಿಂದ ಗಾಂಡೀವ ಜಾರುವುದನ್ನು ಹೇಳಿಕೊಳ್ಳುತ್ತಲೇ ಹೋಗುತ್ತಾನೆ. ಎರಡನೆಯ ಅಧ್ಯಾಯದ 2 ಮತ್ತು 3ನೆಯ ಶ್ಲೋಕಗಳಲ್ಲಿ ಕೃಷ್ಣ, ಈ ದೌರ್ಬಲ್ಯ ಬಿಟ್ಟು ಏಳು ಎನ್ನುತ್ತಾನೆ. ಅಷ್ಟಕ್ಕೆ ಅರ್ಜುನ ಏಳುವುದಿಲ್ಲ. ಭೀಷ್ಮರ ಮೇಲೆ, ದ್ರೋಣರ ಮೇಲೆ ಹೇಗೆ ಬಾಣ ಬಿಡಲಿ ಎಂದು ಮತ್ತೆ ತನ್ನ ಸಂಕಟಕ್ಕೇ ಮರಳುತ್ತಾನೆ. 7ನೆಯ ಶ್ಲೋಕದಲ್ಲಿ ಅವನೇ ಬಾಯಿಬಿಟ್ಟು, ನಾನು ನಿನ್ನ ಶಿಷ್ಯ, ನನಗೆ ಹೇಳು ಎಂದು ಕೇಳಿಕೊಳ್ಳುತ್ತಾನೆ. ಗೀತೆಯ ಬೋಧನೆ ಶುರುವಾಗುವುದು ಅದಾದ ಮೇಲೆ, 11ನೆಯ ಶ್ಲೋಕದಿಂದ. ದೊಡ್ಡ ಉಪದೇಶ ಕೂಡ ಬಂದದ್ದು ಹೇಳಿಕೊಳ್ಳುವುದು ಮುಗಿದ ಮೇಲೆ, ಕೇಳಿದ ಮೇಲೆ. ಈ ಕ್ರಮವನ್ನು ನಮ್ಮ ವಾಟ್ಸಾಪ್ ಉತ್ತರಕ್ಕೂ ಇಟ್ಟುಕೊಳ್ಳಬಹುದು.

ಹಾಗಾದರೆ ಗೆಳತಿಗೆ ಬರೆಯುವುದೇನು? ಅವಳ ಸಂದೇಶವನ್ನು ಇನ್ನೊಮ್ಮೆ ಓದಿ. ಎರಡು ವಿಷಯ ಹುಡುಕಿ. ಒಂದು, ಅವಳು ಹೇಳಿದ ಒಂದೆರಡು ಘಟನೆ. ಇನ್ನೊಂದು, ಅದರೊಳಗಿನ ಭಾವನೆ. ಭಾವನೆಯ ಹೆಸರನ್ನು ಅವಳು ಬರೆದಿರುವುದಿಲ್ಲ, ನೀವು ಊಹಿಸಬೇಕು. ಆ ಎರಡನ್ನೂ ನಿಮ್ಮ ಮಾತಿನಲ್ಲಿ ಅವಳಿಗೆ ಹಿಂದಿರುಗಿಸಿ. ಹೀಗೆ:

"ಅಯ್ಯೋ. ನಿಂದಲ್ಲದ ಚಾರ್ಟಿಗೆ ಎಲ್ಲರ ಮುಂದೆ ಅನ್ನಿಸ್ಕೊಂಡು ಬರೋದು ಅಂದ್ರೆ ಎಷ್ಟು ಅವಮಾನ ಆಗಿರ್ಬೇಕು. ಅಷ್ಟಾದ್ಮೇಲೆ ಮನೆಗೆ ಬಂದ್ರೆ ಮಗೂನೂ ಮಲಗಿತ್ತಾ…"

ಎರಡೇ ಸಾಲು. ಇದರಲ್ಲಿ ಸಲಹೆ ಇಲ್ಲ, ಸಮಾಧಾನವೂ ಇಲ್ಲ. "ಅಯ್ಯೋ" ಇದೆ, ಚಾರ್ಟಿದೆ, ಮಗುವಿದೆ, "ಅವಮಾನ" ಎಂಬ ಒಂದು ಊಹೆಯಿದೆ. "ಆಗಿರ್ಬೇಕು" ಎಂಬ ಮಾತು ಮುಖ್ಯ. "ನಿನಗೆ ಅವಮಾನ ಆಗಿದೆ" ಎಂದರೆ ತೀರ್ಪು ಕೊಟ್ಟಂತೆ. "ಆಗಿರ್ಬೇಕು", "ಆಯ್ತೇನೋ" ಎಂದರೆ ಅಲ್ಲ ಎನ್ನಲು ಅವಳಿಗೆ ಜಾಗ ಉಳಿಯುತ್ತದೆ.

ಆ ಜಾಗ ಏಕೆ ಬೇಕು ಎಂಬುದು ಮುಂದಿನ ಸಂದೇಶದಲ್ಲಿ ತಿಳಿಯುತ್ತದೆ. ಅವಳು ಬರೆಯುತ್ತಾಳೆ:

"ಅನ್ನಿಸ್ಕೊಂಡಿದ್ದು ಹೋಗ್ಲಿ ಕಣೇ. ಅವರು ಆಮೇಲೆ ಸಾರಿ ಅಂದ್ರು. ಮೂರು ದಿನದಿಂದ ಮಗು ಎದ್ದಿರೋದನ್ನೇ ನೋಡಿಲ್ಲ ನಾನು. ನಾಳೆನೂ ಡ್ಯೂಟಿ."

ನೋಡಿದಿರಾ? ನಮ್ಮ ಊಹೆ ತಪ್ಪಾಗಿತ್ತು. ಅವಳ ಸಂಕಟ ಚಾರ್ಟಿನದಲ್ಲ, ಮಗುವಿನದು. ಊಹೆ ತಪ್ಪಾದರೂ ನಷ್ಟವಾಗಲಿಲ್ಲ. ಅದನ್ನು ತಿದ್ದಲು ಹೋಗಿ ಅವಳೇ ನಿಜವಾದ ಮಾತಿಗೆ ಬಂದಳು. ಈಗ ಆ ಮೊದಲನೆಯ ಉತ್ತರವನ್ನು ನೆನಪಿಸಿಕೊಳ್ಳಿ: ಮ್ಯಾನೇಜರಿಗೆ ಈಮೇಲ್ ಹಾಕು, ಯೂನಿಯನ್ನಿಗೆ ಹೇಳು. ಸಲಹೆ ತಪ್ಪೇನಲ್ಲ, ಆದರೆ ಅವಳಿಗಿಲ್ಲದ ತೊಂದರೆಗೆ ಕೊಟ್ಟ ಸಲಹೆ. ಮೊದಲ ಸಂದೇಶದಲ್ಲಿ ಜನ ನಡೆದದ್ದನ್ನೆಲ್ಲ ನಡೆದ ಕ್ರಮದಲ್ಲೇ ಹೇಳಿಬಿಡುತ್ತಾರೆ. ಯಾವುದು ಹೆಚ್ಚು ನೋಯಿಸಿತು ಎಂಬುದು ಎರಡನೆಯ, ಮೂರನೆಯ ಸಂದೇಶದಲ್ಲಿ ಬರುತ್ತದೆ. ಬೇಗ ಕೊಟ್ಟ ಸಲಹೆ ಆ ಎರಡನೆಯ ಸಂದೇಶ ಬರದಂತೆ ಮಾಡುತ್ತದೆ.

ಈಗ ಇನ್ನೂ ಚಿಕ್ಕ ಉತ್ತರ ಸಾಕು. "ಮೂರು ದಿನ! ಛೇ. ಅದೇ ಹೆಚ್ಚು ಕಾಡ್ತಿದೆ ಅಲ್ವಾ." ಇಷ್ಟು ಬರೆದು ಸುಮ್ಮನಿರಿ. ಫೋನಿನಲ್ಲಿ ಅವಳು ಬರೆಯುತ್ತಿರುವ ಗುರುತು ಬಂದು ಹೋಗುತ್ತಿರಬಹುದು. ಆ ನಡುವೆ ಇನ್ನೊಂದು ಸಂದೇಶ ತುರುಕಬೇಡಿ.

ನಮ್ಮ ಹಳ್ಳಿಗಳಲ್ಲಿ ಅಜ್ಜಿ ಕಥೆ ಹೇಳುವಾಗ ಮಕ್ಕಳು "ಹೂಂ" ಎನ್ನುತ್ತಿರಬೇಕಿತ್ತು. ಹೂಂಗುಟ್ಟದಿದ್ದರೆ ಅಜ್ಜಿ ಕಥೆ ನಿಲ್ಲಿಸಿ, ಮಲಗಿದೆಯೇನೋ ಎನ್ನುತ್ತಿದ್ದಳು. ಹೂಂಗುಟ್ಟುವವರು ಕಥೆಗೆ ಏನನ್ನೂ ಸೇರಿಸುವುದಿಲ್ಲ, ಆದರೆ ಕಥೆ ಮುಂದೆ ಹೋಗುವುದು ಅವರಿಂದಲೇ. "ಹೂಂ", "ಆಮೇಲೆ?", "ಹೌದಾ!", "ಛೇ" ಇವು ಆ ಕೆಲಸ ಮಾಡುವ ಮಾತುಗಳು. ಫೋನಿನಲ್ಲಿ ಮಾತಾಡುವಾಗ ಇವು ತಾವಾಗಿಯೇ ಬರುತ್ತವೆ. ಬರಹದಲ್ಲಿ ಮಾತ್ರ ಮರೆತುಹೋಗುತ್ತವೆ. ಎರಡು ನೀಲಿ ಗೆರೆ ಬಿದ್ದು ಉತ್ತರ ಬರದಿದ್ದರೆ ಹೂಂಗುಟ್ಟುವವರು ಎದ್ದುಹೋದಂತೆ ಕಾಣುತ್ತದೆ. ಹೆಬ್ಬೆರಳಿನ ಚಿತ್ರ ಒಂದನ್ನೇ ಕಳಿಸಿದರೆ ಮಾತು ಮುಗಿಯಿತು ಎಂಬ ಅರ್ಥ ಹೋಗುತ್ತದೆ. ನಿಮಗೆ ಆಗ ಬಿಡುವಿಲ್ಲದಿದ್ದರೆ ಅದನ್ನೇ ಹೇಳಿ, ಸಮಯವನ್ನೂ ಹೇಳಿ: "ಓದಿದೆ ಕಣೇ, ಕೆಟ್ಟ ದಿನ. ಮಗೂಗೆ ಊಟ ಮಾಡಿಸ್ತಿದೀನಿ, 9.30ಕ್ಕೆ ಫೋನ್ ಮಾಡ್ಲಾ?" ಹೇಳಿದ ಮೇಲೆ 9.30ಕ್ಕೆ ಮಾಡಿ.

ಪ್ರಶ್ನೆ ಕೇಳುವಾಗ ಒಂದು ಎಚ್ಚರ. "ಯಾಕೆ" ಎಂದು ಶುರುವಾಗುವ ಪ್ರಶ್ನೆ ವಿಚಾರಣೆಯಂತೆ ಕೇಳಿಸುತ್ತದೆ. "ನಂದಲ್ಲ ಅಂತ ಅಲ್ಲೇ ಯಾಕೆ ಹೇಳ್ಲಿಲ್ಲ?" ಎಂದರೆ ಅವಳು ತನ್ನನ್ನು ಸಮರ್ಥಿಸಿಕೊಳ್ಳಲು ಶುರುಮಾಡುತ್ತಾಳೆ. ಮ್ಯಾನೇಜರಿನ ಮುಂದೆ ನಿಂತಂತೆ ಈಗ ನಿಮ್ಮ ಮುಂದೆ ನಿಲ್ಲುತ್ತಾಳೆ. "ಆಮೇಲೆ ಏನಾಯ್ತು?", "ಆಗ ಹೇಗನ್ನಿಸ್ತು?" ಎಂದು ಕೇಳಿದರೆ ಹೇಳಿಕೊಳ್ಳುವುದು ಮುಂದುವರಿಯುತ್ತದೆ.

"ಊಟ ಆಯ್ತಾ?" ನಮ್ಮವರ ಅಕ್ಕರೆಯ ಪ್ರಶ್ನೆ, ಅದನ್ನು ಬಿಡಬೇಕಾಗಿಲ್ಲ. ಆದರೆ ಅದು ಮೊದಲ ಸಾಲಾಗಿ ಬಂದರೆ ವಿಷಯ ಬದಲಿಸಿದಂತೆ. ಕೊನೆಯ ಸಾಲಾಗಿ ಬರಲಿ.

ಇನ್ನು ಸಲಹೆಯ ವಿಷಯ. ಕನ್ನಡದಲ್ಲಿ "ಕೇಳು" ಎಂಬ ಒಂದೇ ಮಾತಿಗೆ ಎರಡು ಅರ್ಥ: ಕಿವಿಗೊಡು, ಪ್ರಶ್ನಿಸು. ಸಲಹೆ ಕೊಡುವ ಮುಂಚೆ ಎರಡೂ ಆಗಬೇಕು. ಅವಳ ಮಾತು ನಿಧಾನವಾದ ಮೇಲೆ ನೇರವಾಗಿ ಕೇಳಿಬಿಡಿ: "ಸುಮ್ನೆ ಹೇಳ್ಕೋಬೇಕು ಅನ್ನಿಸ್ತಾ, ಇಲ್ಲ ಏನ್ ಮಾಡ್ಬಹುದು ಅಂತ ಸೇರಿ ಯೋಚಿಸೋಣ್ವಾ?" "ಇಲ್ಲ ಕಣೇ, ಹೇಳ್ಕೊಂಡೆ ಅಷ್ಟೆ, ಮಲಗ್ತೀನಿ" ಎಂದರೆ ಅಲ್ಲಿಗೆ ನಿಮ್ಮ ಕೆಲಸ ಪೂರ್ತಿಯಾಯಿತು. "ರೋಸ್ಟರ್ ಬದಲಾಯಿಸಿ ಕೊಡ್ತಾರಾ ಅಂತ ಕೇಳ್ಲಾ?" ಎಂದು ಅವಳೇ ಎತ್ತಿದರೆ, ಆಗ ನಿಮಗೆ ತಿಳಿದದ್ದನ್ನೆಲ್ಲ ಹೇಳಿ. ಗಮನಿಸಿ, ಈಗ ಬರುವ ಪ್ರಶ್ನೆ ರೋಸ್ಟರಿನದು, ಚಾರ್ಟಿನದಲ್ಲ.

ಗಂಡಸರ ನಡುವೆ ಇದು ಇನ್ನೂ ಚಿಕ್ಕದಾಗಿ ನಡೆಯುತ್ತದೆ. "ಬಿಡೋ ಮಗಾ" ಎನ್ನುವ ಕಡೆ "ಕಷ್ಟ ಆಯ್ತು ಕಣೋ ಇದು. ಏನಾಯ್ತು ಪೂರ್ತಿ ಹೇಳು" ಎಂದರೆ ಸಾಕು. ವಯಸ್ಸಿನಲ್ಲಿ ದೊಡ್ಡವರು ಹೇಳಿಕೊಂಡರೆ "ಅಯ್ಯೋ ಅಕ್ಕ, ಅಷ್ಟೆಲ್ಲ ಒಬ್ಬರೇ ನಿಭಾಯಿಸಿದ್ರಾ" ಎನ್ನಬಹುದು. ದೊಡ್ಡವರಿಗೆ ಮರುಮಾತು ಹೇಳುವುದು ಹೇಗೆ ಎಂಬ ಸಂಕೋಚ ಇಲ್ಲಿ ಬೇಕಾಗಿಲ್ಲ. ಅವರು ಹೇಳಿದ್ದನ್ನೇ ನೀವು ಕೇಳಿಸಿಕೊಂಡೆ ಎಂದು ತಿಳಿಸುತ್ತಿದ್ದೀರಿ, ಅಷ್ಟೆ.

ಹೀಗೆ ಮಾಡುವಾಗ ದಾರಿ ತಪ್ಪುವುದು ಎರಡು ಕಡೆ. ಒಂದು ಗಿಣಿಪಾಠ. ಅವಳ ಮಾತನ್ನೇ ಅಕ್ಷರಶಃ ತಿರುಗಿ ಬರೆದು, ಪ್ರತಿ ಸಂದೇಶಕ್ಕೂ "ನಿನಗೆ ಬೇಜಾರಾಗಿದೆ ಅನ್ನಿಸುತ್ತೆ" ಎಂದರೆ ಅದು ಕೃತಕ ಎಂದು ತಕ್ಷಣ ಗೊತ್ತಾಗುತ್ತದೆ. ಸಂಭಾಷಣೆಗೆ ಒಂದು ಸಲವೋ ಎರಡು ಸಲವೋ ಸಾಕು, ಉಳಿದದ್ದು ಹೂಂಗುಟ್ಟುವುದು.

ಇನ್ನೊಂದು ಬೆಂಕಿಗೆ ತುಪ್ಪ ಸುರಿಯುವುದು. "ಆ ಮ್ಯಾನೇಜರ್ ಮೊದಲಿಂದಲೂ ಹಾಗೇ, ನಮ್ಮವರನ್ನ ಕಂಡ್ರೆ ಆಗಲ್ಲ ಅವಳಿಗೆ" ಎಂದು ಶುರುಮಾಡಿದರೆ ಕೇಳಿಸಿಕೊಂಡಂತೆಯೇ ಕಾಣುತ್ತದೆ, ಆದರೆ ಅದು ಬೇರೆ. ಅವಳು ಹೇಳದ ಕೋಪವನ್ನು ನಾವು ಸೇರಿಸುತ್ತಿದ್ದೇವೆ. ಅಮೆರಿಕದ ಮನೋವಿಜ್ಞಾನಿ ಅಮಾಂಡಾ ರೋಸ್ 2002ರಲ್ಲಿ ಶಾಲಾ ಮಕ್ಕಳ ಗೆಳೆತನದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ತೊಂದರೆಯನ್ನು ಇಬ್ಬರೂ ಸೇರಿ ಮತ್ತೆ ಮತ್ತೆ ಕೆದಕುತ್ತ ಕೂರುವ ಅಭ್ಯಾಸವಿದ್ದಲ್ಲಿ ಸ್ನೇಹ ಹೆಚ್ಚು ಗಾಢವಾಗಿತ್ತು, ಆದರೆ ಖಿನ್ನತೆ ಮತ್ತು ಆತಂಕದ ಲಕ್ಷಣಗಳೂ ಹೆಚ್ಚಾಗಿದ್ದವು. ವ್ಯತ್ಯಾಸ ತಿಳಿಯುವುದು ಸುಲಭ. ಕೇಳಿಸಿಕೊಂಡ ಮಾತು ಮುಂದೆ ಸಾಗುತ್ತದೆ: ಚಾರ್ಟಿನಿಂದ ಮಗುವಿಗೆ, ಮಗುವಿನಿಂದ ರೋಸ್ಟರಿಗೆ. ಕೆದಕುವ ಮಾತು ಒಂದೇ ಕಡೆ ಸುತ್ತುತ್ತದೆ, ಪ್ರತಿ ಸುತ್ತಿಗೂ ಇಬ್ಬರ ಸ್ವರವೂ ಏರುತ್ತದೆ. ಹಾಗಾಗುತ್ತಿದೆ ಎಂದು ಕಂಡರೆ "ಇದರಲ್ಲಿ ನಿನಗೆ ಹೆಚ್ಚು ಕಷ್ಟ ಆಗಿದ್ದು ಯಾವುದು?" ಎಂದು ಕೇಳಿ.

ಕೇಳಿಸಿಕೊಳ್ಳುವುದಷ್ಟೇ ಸಾಲದ ಸಂದರ್ಭಗಳೂ ಇವೆ. ಮನೆಯ ಕೀಲಿ ಕಳೆದುಕೊಂಡು ಮಳೆಯಲ್ಲಿ ನಿಂತಿರುವವರಿಗೆ ಭಾವನೆಯ ಹೆಸರು ಬೇಡ, ಕಾರು ತೆಗೆದುಕೊಂಡು ಹೋಗಿ. ಕೆಟ್ಟ ದಿನ ಒಂದಲ್ಲ, ಎರಡು ವಾರದಿಂದ ಹೆಚ್ಚುಕಡಿಮೆ ಪ್ರತಿದಿನವೂ ಮನಸ್ಸು ಕುಗ್ಗಿದೆ, ನಿದ್ದೆ ಊಟ ಕೆಟ್ಟಿದೆ, ಇಷ್ಟವಾಗಿದ್ದುದೂ ಬೇಡವಾಗಿದೆ ಎಂದಾದರೆ ಜಿ.ಪಿ.ಯನ್ನು ನೋಡಬೇಕು. ಅದನ್ನು ಹೇಳಿ, ಜೊತೆಗೆ ಬರುತ್ತೇನೆ ಎಂದೂ ಹೇಳಿ.

ಮಾತಿನ ಇನ್ನೊಂದು ಬಗೆಯನ್ನು ಗಮನಿಸಬೇಕು. "ಕೆಲಸ ಮಾಡಿ ಸತ್ತೋದೆ" ಎಂಬುದು ನಮ್ಮಲ್ಲಿ ಬರೀ ಆಡುಮಾತು. ಆದರೆ "ನಾನಿಲ್ದೇ ಇದ್ರೆ ಎಲ್ರಿಗೂ ಒಳ್ಳೇದು", "ಇನ್ನು ಸಾಕು, ಮುಗಿಸಿಬಿಡೋಣ ಅನ್ಸತ್ತೆ" ಎಂಬವು ಆಡುಮಾತಲ್ಲ. ಆಗ ಬರಹ ಬಿಟ್ಟು ಫೋನ್ ಮಾಡಿ, ನೇರವಾಗಿ ಕೇಳಿ: "ಪ್ರಾಣ ಕಳ್ಕೊಳ್ಳೋ ಯೋಚನೆ ಬರ್ತಿದೆಯಾ?" ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಅಪಾಯ ಕಂಡರೆ 112 ಅಥವಾ 999ಕ್ಕೆ ಕರೆ ಮಾಡಿ. ಸಮಾರಿಟನ್ಸ್ ಸಂಸ್ಥೆಯ 116 123 ಹಗಲಿರುಳೂ ಉಚಿತ. ಬರೆಯುವುದೇ ಸುಲಭ ಎನ್ನುವವರು 50808ಕ್ಕೆ HELLO ಎಂದು ಎಸ್ಸೆಮ್ಮೆಸ್ ಕಳಿಸಬಹುದು. ಊರಿನಲ್ಲಿರುವ ಬಂಧುವಿಗೆ ಬೇಕಾದರೆ ಭಾರತ ಸರ್ಕಾರದ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲಿ ಮಾತಾಡಬಹುದು.

ಸಮಾರಿಟನ್ಸ್ ಹೆಸರು ಬಂದದ್ದರಿಂದ ಅದರ ಹುಟ್ಟಿನ ಸಂಗತಿಯನ್ನೂ ಹೇಳುತ್ತೇನೆ. 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ, ಬದುಕು ಬೇಡವಾದವರು ತಮಗೆ ಫೋನ್ ಮಾಡಬಹುದು, ಬಂದು ನೋಡಬಹುದು ಎಂದು ತಮ್ಮ ಚರ್ಚಿನಲ್ಲಿ ವ್ಯವಸ್ಥೆ ಮಾಡಿದರು. ಬರುವವರು ಹೆಚ್ಚಾಗಿ, ಕಾಯುವವರಿಗೆ ಟೀ ಕೊಟ್ಟು ಜೊತೆಗೆ ಕೂರಲು ಸ್ವಯಂಸೇವಕರು ಬಂದರು. ಕೆಲವು ಕಾಲದಲ್ಲಿ ವಾರಾ ಒಂದು ವಿಷಯ ಕಂಡುಕೊಂಡರು. ಟೀ ಕುಡಿಯುತ್ತ ಆ ಸ್ವಯಂಸೇವಕರಿಗೆ ಹೇಳಿಕೊಂಡವರಲ್ಲಿ ಎಷ್ಟೋ ಜನಕ್ಕೆ ಆಮೇಲೆ ವಾರಾ ಅವರ ಸಲಹೆಯೇ ಬೇಕಾಗುತ್ತಿರಲಿಲ್ಲ. ಹಾಗಾಗಿ ಕೇಳಿಸಿಕೊಳ್ಳುವ ಕೆಲಸವನ್ನು ಸ್ವಯಂಸೇವಕರಿಗೇ ವಹಿಸಿದರು. ಆ ಸ್ವಯಂಸೇವಕರು ತಜ್ಞರಲ್ಲ, ನಮ್ಮ ನಿಮ್ಮಂಥವರು.

ಇಂದು ಹೊಸದಾಗಿ ಏನನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಮುಂದಿನ ಸಲ ಅಂಥ ಸಂದೇಶ ಬಂದಾಗ, ಕಳಿಸುವ ಮುಂಚೆ ನಿಮ್ಮ ಉತ್ತರದಲ್ಲಿ ಒಂದನ್ನು ಮಾತ್ರ ನೋಡಿ: ಅವರು ಬರೆದ ಯಾವುದಾದರೂ ಒಂದು ವಿಷಯ ನಿಮ್ಮ ಸಾಲಿನಲ್ಲಿ ಇದೆಯೇ? ಇಲ್ಲದಿದ್ದರೆ ಅಳಿಸಿ, ಅವರ ಸಂದೇಶವನ್ನು ಇನ್ನೊಮ್ಮೆ ಓದಿ ಬರೆಯಿರಿ. ಸಲಹೆ ಬೆರಳ ತುದಿಯಲ್ಲಿ ಬಂದು ನಿಂತಿದ್ದರೆ ಎರಡನೆಯ ಸಂದೇಶ ಬರುವವರೆಗೆ ತಡೆದುಕೊಳ್ಳಿ.

ಪ್ರಸಾದ ತೆಗೆದುಕೊಂಡು ಹೋಗಿ. ಈ ಹಾಳೆಯನ್ನೂ ಮನೆಗೆ ಒಯ್ಯಿರಿ, ಫೋನ್ ನಂಬರುಗಳಿರುವ ಭಾಗವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.